ಚಿತ್ರಭಾನು ಸಂವತ್ಸರ ಅಂತಷ್ಟೇ ಇದ್ದರೆ

ನಮ್ಮ ಸೋದರತ್ತೆಯ ಸಹಸ್ರಚಂದ್ರ ದರ್ಶನ ಮಾಡಬೇಕಿತ್ತು. ಎಂಬತ್ತು ವರ್ಷ ಎಂಟು ತಿಂಗಳ ಲೆಕ್ಕಕ್ಕೆ ಹುಟ್ಟಿದ ದಿನ ಬೇಕಲ್ವಾ? ಮನೆಯಲ್ಲಿದ್ದದ್ದು "ಚಿತ್ರಭಾನು ಸಂವತ್ಸರ" ಎಂಬ ಒಂದು ಸಾಲು ಮಾತ್ರ. "ವರ್ಷ ಗೊತ್ತಿದೆಯಲ್ಲ, ಸುಮ್ನೆ ಒಂದು ದಿನ ಇಟ್ಕೊಳ್ಳಿ" ಅಂದರು ಎಲ್ಲರೂ. ನಾನು ಬಿಡಲಿಲ್ಲ.

ಚಿತ್ರಭಾನು ಅಂದರೆ 1942ರ ಮಾರ್ಚ್ ಮಧ್ಯದ ಯುಗಾದಿಯಿಂದ 1943ರ ಏಪ್ರಿಲ್ ಮೊದಲ ವಾರದವರೆಗೆ. ಆ ವರ್ಷ ಅಧಿಕ ಜ್ಯೇಷ್ಠ ಬಂದಿದ್ದರಿಂದ ಹದಿಮೂರು ತಿಂಗಳು.

ಶಾಲೆಯ ದಾಖಲೆಯಲ್ಲಿ 1-6-1942 ಇತ್ತು. ಜೂನ್ ಒಂದನೇ ತಾರೀಕು ಕಂಡರೆ ನಾನು ಬದಿಗಿಡುತ್ತೇನೆ. ಮಗುವನ್ನು ಸೇರಿಸಿಕೊಳ್ಳಲು ಮೇಷ್ಟ್ರು ಹಾಕಿದ ತಾರೀಕು ಅದು. ವೋಟರ್ ಲಿಸ್ಟಿನ ವಯಸ್ಸೂ ಕೆಲಸಕ್ಕೆ ಬರಲಿಲ್ಲ, ಒಂದೊಂದು ಪಟ್ಟಿಯಲ್ಲಿ ಒಂದೊಂದು. ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಹಾಕಿಸಿದ್ದಕ್ಕೆ ಮೂರು ಸಾವಿರದಷ್ಟು ಹೋಯಿತು. ಫೆಬ್ರವರಿ 1943 ಅಂತ ಗಂಟೆ ಸಮೇತ ಬರೆದುಕೊಟ್ಟರು. ಆದರೆ ಅತ್ತೆಯ ತಮ್ಮನ ಜಾತಕ ನಮ್ಮಲ್ಲೇ ಇದೆ, ಅವರು ಹುಟ್ಟಿದ್ದು 1943ರ ಅಕ್ಟೋಬರ್ ಮೂರನೇ ವಾರ. ನಡುವೆ ಎಂಟೇ ತಿಂಗಳು! ಒಂಬತ್ತು ತಿಂಗಳ ಬಸಿರು, ಅದಕ್ಕೆ ಮೊದಲು ಬಾಣಂತನ ಹಿಡಿದರೆ ಅತ್ತೆ ಹುಟ್ಟಿದ್ದು 1942ರ ಡಿಸೆಂಬರ್ ಒಳಗೇ ಆಗಬೇಕು. ಇಷ್ಟರಲ್ಲೇ ಹದಿಮೂರರಲ್ಲಿ ಕೊನೆಯ ಮೂರು ತಿಂಗಳು ಬಿಟ್ಟುಹೋಯಿತು.

ಮುಖ್ಯ ಸುಳಿವು ಸಿಕ್ಕಿದ್ದು ಅತ್ತೆಯ ತಾಯಿಯ ತವರಿನಲ್ಲಿ. ಚೊಚ್ಚಲ ಹೆರಿಗೆ ತವರಲ್ಲಿ ಅಲ್ವಾ, ಹಾಗಾಗಿ ಗಂಡನ ಮನೆಯ ಕಾಗದಪತ್ರ ಎಷ್ಟು ಜಾಲಾಡಿದರೂ ಅಷ್ಟೇ. ತವರಿನ ಅಜ್ಜನ ಖರ್ಚಿನ ಪುಸ್ತಕ ಅಟ್ಟದ ಮೇಲಿತ್ತು. ಅಧಿಕ ಜ್ಯೇಷ್ಠ ಬಹುಳದಲ್ಲಿ ಹರಳೆಣ್ಣೆ, ಶುಂಠಿ, ಹಿಪ್ಪಲಿ. ನಿಜ ಜ್ಯೇಷ್ಠ ಶುದ್ಧ ದಶಮಿಗೆ, ಅಂದರೆ ಜೂನ್ 23ರ ಆಸುಪಾಸು, ಕೊಬ್ಬರಿ, ಬೆಲ್ಲ, ತುಪ್ಪ ಜಾಸ್ತಿ ಜಾಸ್ತಿ.

ಆದರೆ ಬಾಣಂತನದ ಸಾಮಾನು ತಂದ ದಿನವೇ ಹೆರಿಗೆಯ ದಿನ ಅಲ್ಲ. ಅದಕ್ಕೊಂದು ಪರೀಕ್ಷೆ ಮಾಡಿದೆ. ತಮ್ಮನ ಹೆರಿಗೆಯೂ ಅಲ್ಲೇ ಆಗಿತ್ತು. ಅವರ ಜಾತಕ ಮುಚ್ಚಿಟ್ಟು, ಅದೇ ಪುಸ್ತಕದ ಮುಂದಿನ ವರ್ಷದ ಹಾಳೆ ತಿರುವಿದೆ. ಹರಳೆಣ್ಣೆ ಹೆರಿಗೆಗೆ ಸುಮಾರು ಮೂರು ವಾರ ಮುಂಚೆ, ಕೊಬ್ಬರಿ ಹೆರಿಗೆಯಾದ ವಾರದೊಳಗೆ. ಆ ಮನೆಯ ರೂಢಿ ಸಿಕ್ಕಿತು. 1942ರಲ್ಲಿ ಆ ಮನೆಗೆ ಬೇರೆ ಹೆಣ್ಣುಮಕ್ಕಳು ಯಾರೂ ಬಾಣಂತನಕ್ಕೆ ಬಂದಿರಲಿಲ್ಲ ಅನ್ನುವುದನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಇದನ್ನು ಬಿಟ್ಟರೆ ಇಡೀ ಲೆಕ್ಕ ಬೇರೆ ಮಗುವಿನದಾಗುತ್ತದೆ.

ಅದೇ ರೂಢಿ ಅತ್ತೆಗೆ ಹಚ್ಚಿದರೆ ಜೂನ್ 16ರಿಂದ 23ರವರೆಗೆ ಬರುತ್ತದೆ. ಕೊಬ್ಬರಿ ಮೊದಲೇ ತಂದಿರಬಹುದು, ಅದಕ್ಕೆ ಜುಲೈ ಮೊದಲ ವಾರದವರೆಗೂ ಎಳೆದೆ. ಹದಿಮೂರು ತಿಂಗಳು ಮೂರು ವಾರಕ್ಕಿಳಿಯಿತು. ಜೂನ್ ಒಂದು ಅದರ ಹೊರಗೇ ಉಳಿಯಿತು ನೋಡಿ.

ಜನ್ಮನಾಮದ ಅಕ್ಷರದಿಂದ ನಕ್ಷತ್ರ ಹಿಡಿದೂ ನೋಡಿದೆ. ಒಂದು ನಕ್ಷತ್ರ ಇಪ್ಪತ್ತೇಳು ದಿನಕ್ಕೊಮ್ಮೆ ಬರುವುದರಿಂದ ಈ ಅವಧಿಯಲ್ಲಿ ಒಂದೆರಡು ದಿನವಷ್ಟೇ ಉಳಿಯುತ್ತದೆ. ಕರೆಯುವ ಹೆಸರನ್ನೇ ಜನ್ಮನಾಮ ಅಂದುಕೊಂಡರೆ ಮಾತ್ರ ಕೆಡುತ್ತದೆ. ಎರಡನ್ನೂ ಬೇರೆ ಮಾಡುವ ನನ್ನ ಉಪಾಯ ಇಲ್ಲಿ ಹೇಳುವುದಿಲ್ಲ.

ಶಾಂತಿಯನ್ನು 2023ರ ಮಾರ್ಚ್ ಎರಡನೇ ವಾರ ಇಟ್ಟೆವು. ಅವಧಿಯ ಕೊನೆಯ ದಿನ ಹುಟ್ಟಿದ್ದರೂ ಎಂಟು ತಿಂಗಳು ತುಂಬಿರುತ್ತದೆ.