ನಿರೂಪಣೆಗೂ ದೃಶ್ಯಕ್ಕೂ ತಾಳ ಕೂಡಿದ್ದು ಹೀಗೆ

ಚನ್ನಪಟ್ಟಣದ ಬೊಂಬೆಗಳ ಸಾಕ್ಷ್ಯಚಿತ್ರದ ಮೊದಲ ಕಟ್‌ನಲ್ಲಿ ನಿರೂಪಣೆ ಅರಗಿನ ಬಣ್ಣಕ್ಕೆ ಬಂದಿದ್ದರೂ ಪರದೆ ಮೇಲೆ ಇನ್ನೂ ಮರ ಕಡೆಯುತ್ತಲೇ ಇದ್ದರು. ಸ್ಕ್ರಿಪ್ಟನ್ನು ಎರಡು ಕಾಲಮ್ ಮಾಡಿದ ಮೇಲೆ ಸರಿಹೋಯಿತು. ಎಡಕ್ಕೆ ದೃಶ್ಯ, ಬಲಕ್ಕೆ ಧ್ವನಿ. ಆದರೆ ಸುಮ್ನೆ ಗೆರೆ ಎಳೆದರೆ ಸಾಲದು, ಚಿತ್ರ ಬದಲಾಗುವ ಕಡೆಯೆಲ್ಲ ಹೊಸ ಸಾಲು ಶುರುವಾಗಬೇಕು.

ಒಂದು ಸಾಲು ನೋಡಿ. ಎಡಕ್ಕೆ: "ಕ್ಲಿಪ್ C0042, 00:01:12–00:01:20, ಕ್ಲೋಸಪ್, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವುದು." ಬಲಕ್ಕೆ: "ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ." ಗಟ್ಟಿಯಾಗಿ ಓದಿದರೆ ಇದು ಸುಮಾರು 4 ಸೆಕೆಂಡ್, ಶಾಟ್ ಇರುವುದು 8. ಉಳಿದದ್ದನ್ನು ಲೇತ್ ಸದ್ದಿಗೆ ಬಿಟ್ಟೆ, ಅದನ್ನೂ ಬಲ ಕಾಲಮ್‌ನಲ್ಲೇ ಬರೆದೆ, ಇಲ್ಲದಿದ್ದರೆ ಎಡಿಟರ್ ಆ ಖಾಲಿ ಜಾಗಕ್ಕೆ ಮುಂದಿನ ಮಾತನ್ನು ಎಳೆದುಕೊಳ್ಳುತ್ತಾರೆ. ಕೇದಗೆ ಎಲೆಯಿಂದ ಹೊಳಪು ಕೊಡುವ ಕಡೆ ಶಾಟ್‌ಗಿಂತ ಮಾತೇ ಜಾಸ್ತಿ ಇತ್ತು, ಅಲ್ಲಿ ಒಂದು ವಾಕ್ಯ ತೆಗೆದೆ.