ದೊಡ್ಡಮ್ಮ ಹೋದ ದಿನ ಗ್ರೂಪಲ್ಲಿ ನಾನು ಬರೆದ ನಾಲ್ಕು ಸಾಲು

ಬೆಳಗ್ಗೆ ಐದೂವರೆಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಅಣ್ಣನ ಮೆಸೇಜ್ ಬಂತು: "ಅಮ್ಮ ರಾತ್ರಿ ತೀರಿಕೊಂಡರು." ಅಣ್ಣ ಅಂದರೆ ಬಸವನಗುಡಿಯ ನನ್ನ ದೊಡ್ಡಪ್ಪನ ಮಗ. ಎದ್ದು ಕೂತು ಬರೆಯೋಕೆ ಶುರು ಮಾಡಿದೆ. ವಿಧಿ, ಕಾಲ, ದೇವರ ಇಚ್ಛೆ ಅಂತ ಹದಿನಾಲ್ಕು ಸಾಲಾಯಿತು. ಓದಿ ನೋಡಿದರೆ ಅದರಲ್ಲಿ ದೊಡ್ಡಮ್ಮನೇ ಇರಲಿಲ್ಲ, ಯಾರು ಸತ್ತರೂ ಕಳಿಸಬಹುದಾದ ಮಾತು ಅದು. ಎಲ್ಲವನ್ನೂ ಅಳಿಸಿದೆ.

ಅಷ್ಟರಲ್ಲಿ ಗ್ರೂಪಲ್ಲಿ ಓಂ ಶಾಂತಿ, ಕೈ ಮುಗಿದ ಚಿತ್ರಗಳು ಸಾಲಾಗಿ ಬರ್ತಿದ್ದವು. ಅದು ತಪ್ಪಲ್ಲ, ದೂರದ ನೆಂಟರಿಗೆ ಅಷ್ಟೇ ಸಾಕು. ಆದರೆ "ಏನಾಗಿತ್ತು? ಹುಷಾರಾಗೇ ಇದ್ದರಲ್ವಾ?" ಅಂತ ನಾಲ್ಕೈದು ಜನ ಕೇಳಿದ್ದರು, ಪಾಪ ಅಣ್ಣ ಒಬ್ಬೊಬ್ಬರಿಗೂ ಆಸ್ಪತ್ರೆಯ ಕಥೆ ಟೈಪ್ ಮಾಡ್ತಿದ್ದ. ಆ ಹೊತ್ತಲ್ಲಿ ಅಂಥ ಪ್ರಶ್ನೆ ಬೇಡವೇ ಬೇಡ. ತಿಳಿಯಲೇಬೇಕು ಅಂದರೆ ಮನೆಯಲ್ಲಿರೋ ಬೇರೆ ಯಾರಿಗಾದರೂ ಫೋನ್ ಮಾಡಿ ಕೇಳಬಹುದು.

ಕೊನೆಗೆ ನಾನು ಕಳಿಸಿದ್ದು ಇಷ್ಟು:

"ಅಣ್ಣ, ದೊಡ್ಡಮ್ಮ ಇನ್ನಿಲ್ಲ ಅಂದರೆ ನಂಬೋಕಾಗ್ತಿಲ್ಲ. ಕಡಲೆಕಾಯಿ ಪರಿಷೆಯಿಂದ ಸೆರಗಲ್ಲಿ ಕಾಯಿ ಕಟ್ಟಿಕೊಂಡು ಬಂದು ನಮಗೆಲ್ಲ ಹಂಚುತ್ತಿದ್ದರು, ಅದೇ ಕಣ್ಮುಂದೆ ಬರ್ತಿದೆ. ದೊಡ್ಡಪ್ಪನಿಗೆ, ಅತ್ತಿಗೆಗೆ, ಮಕ್ಕಳಿಗೆ ನಾವೆಲ್ಲ ಇದ್ದೀವಿ. ಇದಕ್ಕೆ ಉತ್ತರ ಬರೆಯಬೇಡ."

ಅಣ್ಣನನ್ನೇ ಉದ್ದೇಶಿಸಿ ಬರೆದೆ, ಗ್ರೂಪಿಗಲ್ಲ. ನೆನಪು ಒಂದೇ, ಅದೂ ಅಲ್ಲಿರೋ ಎಲ್ಲರಿಗೂ ಗೊತ್ತಿರುವಂಥದ್ದು. ನನ್ನ ದುಃಖದ ಬಗ್ಗೆ ಜಾಸ್ತಿ ಬರೆದರೆ ಸಮಾಧಾನ ಮಾಡೋ ಕೆಲಸ ಅಣ್ಣನ ತಲೆಗೇ ಬೀಳುತ್ತೆ, ಅದಕ್ಕೆ ಬರೆಯಲಿಲ್ಲ. "ವಯಸ್ಸಾಗಿತ್ತು, ನರಳದೆ ಹೋದರು" ಅಂತಾನೂ ಬರೆಯಲಿಲ್ಲ. ಆ ಮಾತನ್ನು ಮನೆಯವರು ಹೇಳಿಕೊಂಡರೆ ಸರಿ, ಬೇರೆಯವರು ಹೇಳಿದರೆ ಚುಚ್ಚುತ್ತೆ.

ಸಹಾಯದ ಮಾತನ್ನು ಗ್ರೂಪಿಗೆ ಹಾಕಲಿಲ್ಲ. ಸಾವಿನ ಮನೆಯಲ್ಲಿ ಆವತ್ತು ಒಲೆ ಹಚ್ಚಲ್ಲ, ಅದಕ್ಕೆ ಅತ್ತಿಗೆಗೆ ಬೇರೆಯಾಗಿ "ಎಂಟು ಗಂಟೆಗೆ ಕಾಫಿ ಫ್ಲಾಸ್ಕು, ಮಕ್ಕಳಿಗೆ ಇಡ್ಲಿ ತರ್ತೀನಿ" ಅಂತ ಹಾಕಿದೆ. "ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳಲ್ಲ.

ಬನಶಂಕರಿ ಚಿತಾಗಾರಕ್ಕೆ ಎಷ್ಟು ಹೊತ್ತಿಗೆ ಹೊರಡೋದು ಅನ್ನೋದು ಸಂತಾಪಗಳ ಮಧ್ಯೆ ಕಳೆದುಹೋಗಿತ್ತು. ಅಣ್ಣನನ್ನು ಕೇಳಿ ಸಮಯ, ಜಾಗ, ಭಾವನ ನಂಬರ್ ಮಾತ್ರ ಇರುವ ಬೇರೆ ಮೆಸೇಜ್ ಹಾಕಿ, 24 ಗಂಟೆಗೆ ಪಿನ್ ಮಾಡಿದೆ. ಆಮೇಲೆ ಕೇಳೋ ಫೋನುಗಳು ಕಡಿಮೆಯಾದವು.

ದೊಡ್ಡಪ್ಪನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಹನ್ನೊಂದನೇ ದಿನ ಸಂಜೆ ಅತ್ತಿಗೆ ಮೆಸೇಜುಗಳನ್ನು ಅವರಿಗೆ ಓದಿ ಹೇಳ್ತಿದ್ದರು. ಉದ್ದುದ್ದ ಇದ್ದವನ್ನು ಅರ್ಧಕ್ಕೇ ಬಿಡ್ತಿದ್ದರು. ಸೆರಗಿನ ಸಾಲು ಬಂದಾಗ ದೊಡ್ಡಪ್ಪ, "ಇನ್ನೊಂದ್ಸಲ ಓದಮ್ಮ" ಅಂದರು.