ರಿಪೋರ್ಟಿಗೆ ಮಾತ್ರೆ ಬರೆಯುವುದನ್ನು ಬಿಟ್ಟ ಕಥೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ಸೀಮೆಯಲ್ಲಿ ನನ್ನದು ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆ. ಮೂರು ವರ್ಷದ ಹಿಂದಿನವರೆಗೆ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಸಕ್ಕರೆ ಕಾಯಿಲೆಯವರು ಬಂದರೆ ರಕ್ತದ ಜೊತೆ ಸುಮ್ನೆ ಯೂರಿನ್ನೂ ಬರೆಯುವುದು. ಅದರಲ್ಲಿ ಪಸ್ ಸೆಲ್, ಅಂದರೆ ಕೀವಿನ ಕಣ, ಜಾಸ್ತಿ ಬಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್. ಕಲ್ಚರಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬಂದರೆ ಆ್ಯಂಟಿಬಯೋಟಿಕ್. ಈ ಸರಪಳಿಯಲ್ಲಿ ಎಲ್ಲೂ ಒಂದು ಪ್ರಶ್ನೆ ಇರಲಿಲ್ಲ: ಈ ಮನುಷ್ಯರಿಗೆ ತೊಂದರೆ ಏನು?

ನನ್ನನ್ನು ತಿದ್ದಿದ್ದು ಕೃಷ್ಣಾ ತೀರದ ಒಂದು ಹಳ್ಳಿಯ ಅಜ್ಜಿ. ವಯಸ್ಸು ಎಪ್ಪತ್ತರ ಮೇಲೆ, ಸಕ್ಕರೆ ಹದಿನೈದು ವರ್ಷದ್ದು. ಮಗ ಒಂದು ಕ್ಯಾಂಪಿನಲ್ಲಿ ಮಾಡಿಸಿದ ರಿಪೋರ್ಟ್ ಹಿಡಿದು ಬಂದಿದ್ದ. ಪಸ್ ಸೆಲ್ 30ರಿಂದ 35, ಕಲ್ಚರಿನಲ್ಲಿ ಇ. ಕೋಲೈ ಒಂದು ಲಕ್ಷಕ್ಕಿಂತ ಜಾಸ್ತಿ. ಬೇರೆ ಕಡೆ ಏಳು ದಿನ ಸೆಫಿಕ್ಸಿಮ್ ಆಗಿತ್ತು. ಮೂರು ವಾರದ ಮೇಲೆ ಮತ್ತೆ ಅದೇ ರಿಪೋರ್ಟ್. ಆಗ ನಾನು ಲೆವೊಫ್ಲಾಕ್ಸಾಸಿನ್ ಬರೆದೆ. ಒಪ್ಪಿಕೊಳ್ಳುತ್ತೇನೆ, ಬರೆದದ್ದು ನಾನೇ. ಮತ್ತೆ ಅದೇ. ಆಮೇಲೆ ದೊಡ್ಡ ಊರಿಗೆ ಹೋಗಿ ಐದು ದಿನ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಗಿತ್ತು. ಅಜ್ಜಿಗೆ ಸಿಕ್ಕಿದ್ದು ಹತ್ತು ದಿನದ ಭೇದಿ, ಮತ್ತು ಮೊದಲಿಗಿಂತ ಜಾಸ್ತಿ 'ಆರ್', ಅಂದರೆ ಈ ಔಷಧಕ್ಕೆ ಬಗ್ಗದು ಎಂಬ ಗುರುತು, ತುಂಬಿದ ರಿಪೋರ್ಟ್.

ಆ ದಿನ ಮೊದಲ ಸಲ ರಿಪೋರ್ಟ್ ಬದಿಗಿಟ್ಟು ಕೇಳಿದೆ. "ಅಜ್ಜೀ, ಒಂದಕ್ಕ ಹೋದಾಗ ಉರಿ ಐತೇನ್ರಿ?"

"ಉರಿನೂ ಇಲ್ಲ, ಏನೂ ಇಲ್ರಿ ಸರ. ಕಾಗದದಾಗ ಐತಂತ."

ಅದು ಕಾಗದದಲ್ಲಿದ್ದ ಕಾಯಿಲೆಯೇ. ಸಕ್ಕರೆ ಇರುವ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗಾದರೂ ಹೀಗೆ ತೊಂದರೆ ಕೊಡದ ಬ್ಯಾಕ್ಟೀರಿಯಾ ಮೂತ್ರದಲ್ಲಿ ಇರುತ್ತದೆ. ಅದರ ಜೊತೆ ಪಸ್ ಸೆಲ್ಲೂ ಇರುತ್ತದೆ, ಹಾಗಾಗಿ ಪಸ್ ಸೆಲ್ ನೋಡಿ ಸೋಂಕು ಅನ್ನುವ ಹಾಗಿಲ್ಲ. 2002ರಲ್ಲೇ ಕೆನಡಾದವರು ಸಕ್ಕರೆ ಇರುವ ನೂರು ಚಿಲ್ಲರೆ ಹೆಂಗಸರಲ್ಲಿ ಇದನ್ನು ನೋಡಿದ್ದರು. ಆ್ಯಂಟಿಬಯೋಟಿಕ್ ಕೊಟ್ಟವರಿಗೆ ಮುಂದೆ ತೊಂದರೆಯೇನೂ ಕಡಿಮೆ ಆಗಲಿಲ್ಲ, ಔಷಧದ ದಿನಗಳು ಮಾತ್ರ ಜಾಸ್ತಿಯಾದವು. ನಾವೆಲ್ಲ ಓದಿದ್ದೇ. ಆದರೆ ಕೆಂಪು ಅಕ್ಷರದ ರಿಪೋರ್ಟ್ ಕೈಗೆ ಬಂದರೆ ಓದಿದ್ದೆಲ್ಲ ಮರೆಯುತ್ತದೆ, ಅಲ್ವಾ?

ಔಷಧ ನಿಲ್ಲಿಸಿದೆ. ಉರಿ, ಜ್ವರ, ಚಳಿ, ಪಕ್ಕೆ ನೋವು ಬಂದರೆ ಅದೇ ದಿನ ಬರಬೇಕು, ಇಲ್ಲದಿದ್ದರೆ ಯೂರಿನ್ ಮಾಡಿಸುವುದೇ ಬೇಡ ಎಂದು ಮಗನಿಗೆ ಹೇಳಿದೆ. ಊರಿನ ಗೆಳೆಯ ಡಾಕ್ಟರುಗಳು ನಕ್ಕರು. "ಸೋಂಕು ಮೈಗೆಲ್ಲ ಏರಿ ಸೆಪ್ಸಿಸ್ ಆದರೆ ಹೊಣೆ ಯಾರು?" ಎಂದರು.

ಪರೀಕ್ಷೆ ಬಂದದ್ದು ಮೇ ತಿಂಗಳಲ್ಲಿ. ಅಜ್ಜಿ ಎರಡು ದಿನದಿಂದ ಮಂಕಾಗಿದ್ದರು. ಮಗನ ಗುರುತೂ ಸರಿಯಾಗಿ ಹಿಡಿಯುತ್ತಿರಲಿಲ್ಲ. "ನೀವು ಬಿಟ್ಟಿದ್ದಕ್ಕ ಇನ್ಫೆಕ್ಷನ್ ತಲಿಗೇರೇತ್ರಿ" ಎಂದು ಮಗ ಎಲ್ಲರ ಮುಂದೆ ಜಗಳ ತೆಗೆದ. ನನಗೂ ಎದೆ ಡವಡವ. ಥರ್ಮಾಮೀಟರ್ ಇಟ್ಟರೆ ಜ್ವರ ಇಲ್ಲ. ಬಿಪಿ, ನಾಡಿ ಸರಿ. ಪಕ್ಕೆ ತಟ್ಟಿದರೆ ನೋವಿಲ್ಲ, ಕಿಬ್ಬೊಟ್ಟೆ ಒತ್ತಿದರೆ ಮುಖ ಹಿಂಡಲಿಲ್ಲ, ಮೂತ್ರ ಕಟ್ಟಿಯೂ ಇರಲಿಲ್ಲ. ಸಕ್ಕರೆ 160. ಆಮೇಲೆ ಮಾತ್ರೆಗಳ ಚೀಲ ಸುರಿಸಿ ನೋಡಿದೆ. ತಿಂಗಳ ಹಿಂದೆ ಯಾರೋ ಬಿಪಿ ಮಾತ್ರೆ ಬದಲಿಸಿ ನೀರು ಹೋಗುವ ಥಯಾಜೈಡ್ ಸೇರಿದ್ದನ್ನು ಕೊಟ್ಟಿದ್ದರು. ಬಿಸಿಲಿಗೆ ಊಟ ಅಷ್ಟಕ್ಕಷ್ಟೇ. ರಕ್ತದ ಸೋಡಿಯಂ ತೀರಾ ಇಳಿದು 118. ಮಂಕಿಗೆ ಕಾರಣ ಅದು.

ಮಾತ್ರೆ ನಿಲ್ಲಿಸಿ, 3 ಪರ್ಸೆಂಟ್ ಸಲೈನ್ ನಿಧಾನಕ್ಕೆ ಹಾಕಿ, ಆರು ತಾಸಿಗೊಮ್ಮೆ ಸೋಡಿಯಂ ನೋಡುತ್ತ, ದಿನಕ್ಕೆ 8ಕ್ಕಿಂತ ಮೇಲೆ ಏರದ ಹಾಗೆ ತಂದೆವು. ಯೂರಿನ್ ಕಲ್ಚರ್ ಮಗನ ಹಟಕ್ಕೆ ಹೋಗಿತ್ತು, ಅದೇ ಇ. ಕೋಲೈ ಬಂತು. ನಾನು ಆ್ಯಂಟಿಬಯೋಟಿಕ್ ಬರೆಯಲಿಲ್ಲ. ನಾಲ್ಕು ತಾಸಿಗೊಮ್ಮೆ ಜ್ವರ, ಬಿಪಿ ಮಾತ್ರ ಬರೆಸಿದೆ. ಜ್ವರ ಬಂದರೆ, ಬಿಪಿ ಇಳಿದರೆ ಕೂಡಲೇ ಶುರು ಮಾಡುವುದೆಂದು ಸಿಸ್ಟರಿಗೂ ಹೇಳಿಟ್ಟಿದ್ದೆ. ನಾಲ್ಕನೇ ದಿನ ಅಜ್ಜಿ ಎದ್ದು ಕೂತು, ಚಾದಾಗ ಸಕ್ಕರಿ ಯಾಕಿಲ್ಲ ಎಂದು ಬೈದರು. ಆ ಬೈಗುಳದಷ್ಟು ಖುಷಿ ನನಗೆ ಯಾವ ಸರ್ಟಿಫಿಕೇಟೂ ಕೊಟ್ಟಿಲ್ಲ. ಆ್ಯಂಟಿಬಯೋಟಿಕ್ ಶುರು ಮಾಡಿದ್ದರೆ, ಸೋಂಕು ವಾಸಿಯಾಯಿತೆಂದು ಆ ಬಿಪಿ ಮಾತ್ರೆಯ ಜೊತೆಗೇ ಮನೆಗೆ ಕಳಿಸುತ್ತಿದ್ದೆವು.

ಇಷ್ಟಾದ ಮೇಲೆ ನಾನು ಹುಂಬನಾಗಿ ಇನ್ನೊಂದು ಕಡೆ ಎಡವಿದ್ದನ್ನೂ ಹೇಳಬೇಕು.

ರಬಕವಿ ಕಡೆಯ ನೇಕಾರ ಹೆಣ್ಣುಮಗಳು, ಇಪ್ಪತ್ತೆಂಟರ ಆಸುಪಾಸು. ನಾಲ್ಕು ದಿನದಿಂದ ಉರಿ, ಗಳಿಗೆಗೊಮ್ಮೆ ಹೋಗಬೇಕೆನ್ನಿಸುವುದು. ಬರಿಯ ಮೂತ್ರಕೋಶದ ಸೋಂಕಾದರೆ ನನ್ನ ಕ್ರಮ ಸರಳ. ಜ್ವರವಿಲ್ಲದ, ಬಸುರಿಯಲ್ಲದ, ಕಿಡ್ನಿ ಸರಿಯಿರುವ ಹೆಂಗಸಿಗೆ ನೈಟ್ರೊಫ್ಯುರಾಂಟೊಯಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಮೊದಲ ಸಲದವರಿಗೆ ಕಲ್ಚರ್ ಕೂಡ ಕಳಿಸುವುದಿಲ್ಲ. ಇವಳ ಕೈಯಲ್ಲಿ ಎರಡು ದಿನದ ಹಿಂದೆ ಬೇರೆಯವರು ಮಾಡಿಸಿದ ಕಲ್ಚರ್ ಇತ್ತು. ನೈಟ್ರೊಫ್ಯುರಾಂಟೊಯಿನ್ ಮುಂದೆ 'ಎಸ್', ಅಂದರೆ ಈ ಔಷಧಕ್ಕೆ ಬಗ್ಗುತ್ತದೆ. ಬರೆದು ಕಳಿಸಿದೆ. "ನಿನ್ನಿ ರಾತ್ರಿ ಸ್ವಲ್ಪ ಚಳಿ ಬಂದಿತ್ರಿ, ಟೊಂಕಾನೂ ನೋಯ್ತೈತಿ" ಎಂದಿದ್ದಳು. ಮಗ್ಗದಲ್ಲಿ ಕೂರುವವರಿಗೆ ಟೊಂಕ ನೋಯದೆ ಇರುತ್ತದೆಯೇ ಎಂದುಕೊಂಡೆ.

ಎರಡನೇ ರಾತ್ರಿ 103 ಜ್ವರ, ವಾಂತಿ, ಗಡಗಡ ನಡುಕದೊಂದಿಗೆ ಬಂದಳು. ಬಲಗಡೆ ಕೊನೆಯ ಪಕ್ಕೆಲುಬಿನ ಕೆಳಗೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದರೆ ಚೀರಿದಳು. ಎಡಗಡೆ ಏನೂ ಇಲ್ಲ. ಸೋಂಕು ಆಗಲೇ ಕಿಡ್ನಿಗೆ ಏರಿತ್ತು. ನೈಟ್ರೊಫ್ಯುರಾಂಟೊಯಿನ್ ಮೂತ್ರದಲ್ಲಿ ಕೆಲಸ ಮಾಡುತ್ತದೆ, ಕಿಡ್ನಿಯ ಮಾಂಸದೊಳಗೆ ಸಾಕಷ್ಟು ಸೇರುವುದಿಲ್ಲ. ಫಾಸ್ಫೊಮೈಸಿನ್ ಪುಡಿಯ ಕಥೆಯೂ ಅದೇ. ಲ್ಯಾಬಿನ 'ಎಸ್' ಸುಳ್ಳಲ್ಲ. ಸೋಂಕು ಎಲ್ಲಿದೆ ಎಂದು ಲ್ಯಾಬಿಗೆ ಗೊತ್ತಿರುವುದಿಲ್ಲ, ಅಷ್ಟೇ. ಅದನ್ನು ಹೇಳಬೇಕಾದದ್ದು ನನ್ನ ಕೈ.

ಹೊಸ ಕಲ್ಚರ್ ಕಳಿಸಿ ಸೆಫ್ಟ್ರಿಯಾಕ್ಸೋನ್ ಶುರು ಮಾಡಿದೆ. ಹಳೆಯ ರಿಪೋರ್ಟಿನಲ್ಲಿ ಅದಕ್ಕೆ 'ಆರ್' ಇದ್ದದ್ದು ಬೆಳಿಗ್ಗೆ ಕಣ್ಣಿಗೆ ಬಿತ್ತು. ರಾತ್ರಿಯ ಗಡಿಬಿಡಿಯಲ್ಲಿ ನೋಡಿರಲಿಲ್ಲ, ಅದು ಎರಡನೇ ತಪ್ಪು. ಬಸುರಿಯಲ್ಲ ಎಂದು ಕಾರ್ಡ್ ಟೆಸ್ಟ್ ಮಾಡಿ, ಕಿಡ್ನಿ ಸರಿಯಿದೆಯೇ ಎಂದು ಕ್ರಿಯಾಟಿನಿನ್ ನೋಡಿ, ಅಮಿಕಾಸಿನ್‌ಗೆ ಬದಲಿಸಿದೆ. ತೂಕ 50 ಕಿಲೋ, ಕಿಲೋಗೆ 15ರಂತೆ ದಿನಕ್ಕೊಮ್ಮೆ 750 ಮಿಲಿಗ್ರಾಂ. ನಮ್ಮ ಕಡೆ ಕಲ್ಲಿನ ರೋಗಿಗಳು ಬಹಳ, ಹಾಗಾಗಿ ಸ್ಕ್ಯಾನ್ ಮಾಡಿಸಿದೆ. ಕಲ್ಲು ಅಡ್ಡ ಕೂತು ಮೇಲೆ ಸೋಂಕಾಗಿದ್ದರೆ ಯಾವ ಇಂಜೆಕ್ಷನ್ನೂ ಸಾಲದು, ತಡ ಮಾಡದೆ ಮೂತ್ರ ಹೊರಬರುವ ದಾರಿ ಮಾಡಿಸಬೇಕು. ಇವಳಿಗೆ ಕಲ್ಲಿರಲಿಲ್ಲ. ಬದಲಿಸಿದ ಎರಡನೇ ದಿನ ಜ್ವರ ಇಳಿಯಿತು, ಏಳು ದಿನ ಮುಗಿಸಿದೆವು. ಖರ್ಚು ಒಂಬತ್ತು ಸಾವಿರದಷ್ಟು. ಮೊದಲ ದಿನ ನಾನು ಬೆನ್ನು ತಟ್ಟಿ ನೋಡಿದ್ದರೆ ಬಹುಶಃ ಮೂರು ಸಾವಿರದಲ್ಲಿ ಮುಗಿಯುತ್ತಿತ್ತು. ಹಾಸಿಗೆ ಬಾಡಿಗೆ ನಾನು ತೆಗೆದುಕೊಳ್ಳಲಿಲ್ಲ, ಕಾರಣವನ್ನು ಅವಳ ಗಂಡನಿಗೂ ಹೇಳಿದೆ.

ಅಂದಿನಿಂದ ಟೊಂಕ ನೋವು ಎಂದವರಿಗೆ ಅಂಗೈಯಿಂದ ಜಾಗ ತೋರಿಸಿ ಎನ್ನುತ್ತೇನೆ. ಮಗ್ಗದ ನೋವಿನವರು ಸೊಂಟದ ಪಟ್ಟಿಯ ಹತ್ತಿರ ಎರಡೂ ಬದಿ ಸವರುತ್ತಾರೆ, ಸ್ನಾಯು ಚಿವುಟಿದರೆ ನೋಯುತ್ತದೆ. ಕಿಡ್ನಿಯವರ ಅಂಗೈ ಸಾಮಾನ್ಯವಾಗಿ ಒಂದೇ ಬದಿಗೆ, ಪಕ್ಕೆಲುಬಿನ ಕೆಳಗೆ ಹೋಗುತ್ತದೆ. ಒಂದು ಸಲ ನಡುಗುವ ಚಳಿ ಬಂದಿದ್ದರೂ ಸಾಕು, ನೈಟ್ರೊಫ್ಯುರಾಂಟೊಯಿನ್ ಮುಟ್ಟುವುದಿಲ್ಲ.

ಕೇಳುವ ರೀತಿಯಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. "ರಾತ್ರಿ ಎಷ್ಟು ಸಲ ಏಳ್ತೀರಿ?" ಎಂದರೆ ಸಕ್ಕರೆಯವರೆಲ್ಲ ನಾಲ್ಕು ಸಲ ಎನ್ನುತ್ತಾರೆ. ಹೋದ ತಿಂಗಳು ಎಷ್ಟು, ಈ ವಾರ ಎಷ್ಟು ಎಂದು ಕೇಳಬೇಕು. ಹೊಸದಾಗಿ ಏನು ಶುರುವಾಯಿತು ಅನ್ನುವುದೇ ಮುಖ್ಯ. ಉರಿ ಒಳಗೋ ಹೊರಗೋ ಎಂದೂ ಕೇಳುತ್ತೇನೆ. ಡಾಪಾಗ್ಲಿಫ್ಲೋಜಿನ್ ತರಹದ ಸಕ್ಕರೆ ಮಾತ್ರೆ ತಿನ್ನುವವರಿಗೆ ಹೊರಗಿನ ಚರ್ಮಕ್ಕೆ ಬೂಸ್ಟು ಹತ್ತಿ ಉರಿಯುವುದುಂಟು. ಅವರಿಗೆ ಬೇಕಾದದ್ದು ಶಿಲೀಂಧ್ರದ ಮುಲಾಮು. ವಯಸ್ಸಾದವರನ್ನು ನಾಚಿಕೆ ಬಿಟ್ಟು ಮಾತಾಡಿಸುವ ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ನನ್ನ ಒಪಿಡಿಯಲ್ಲಿ ಕೂತರೆ ತೋರಿಸುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನಮ್ಮ ಸ್ಯಾಂಪಲ್‌ಗಳು ಬಸ್ಸಿನಲ್ಲಿ ದೊಡ್ಡ ಲ್ಯಾಬಿಗೆ ಹೋಗುತ್ತಿದ್ದವು, ಏಪ್ರಿಲ್ ಬಿಸಿಲಲ್ಲಿ ಮೂರು ನಾಲ್ಕು ತಾಸು. ಒಬ್ಬರ ಒಂದೇ ಸ್ಯಾಂಪಲ್ ಮೂರು ಬಾಟಲಿಗೆ ಹಾಕಿ, ಒಂದನ್ನು ಬೈಕಿನಲ್ಲಿ ಕೂಡಲೇ ಊರಿನ ಲ್ಯಾಬಿಗೆ ಕಳಿಸಿದೆ, ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಮೇಜಿನ ಮೇಲೆ ನಾಲ್ಕು ತಾಸು ಇಟ್ಟೆ. ಮೊದಲೆರಡರಲ್ಲಿ ಬ್ಯಾಕ್ಟೀರಿಯಾ ಕೆಲವು ಸಾವಿರ. ಮೇಜಿನದು ಲಕ್ಷ ದಾಟಿತ್ತು. ಮೂರು ಕಲ್ಚರಿಗೆ 1,800 ರೂಪಾಯಿ ಹೋಯಿತು, ಆದರೆ ನನ್ನ ಹಳೆಯ ಎಷ್ಟೋ 'ಸೋಂಕು'ಗಳು ಬಸ್ಸಿನಲ್ಲಿ ಹುಟ್ಟಿದ್ದವು ಎಂದು ಅರ್ಥವಾಯಿತು. ಲಸಿಕೆ ಫ್ರಿಜ್ಜಿನಲ್ಲಿ ಯೂರಿನ್ ಇಟ್ಟೆನೆಂದು ಸಿಸ್ಟರ್ ಎರಡು ದಿನ ಮಾತು ಬಿಟ್ಟರು, ಸರಿಯಾಗೇ ಮಾಡಿದರು. ನಾಲ್ಕೂವರೆ ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಸಣ್ಣ ಫ್ರಿಜ್ ತಂದೆ.

ಈಗ ತಿಂಗಳಿಗೆ ನಲವತ್ತರಷ್ಟು ಹೋಗುತ್ತಿದ್ದ ಕಲ್ಚರ್ ಹದಿನೈದಕ್ಕೆ ಇಳಿದಿದೆ. ಲ್ಯಾಬಿನವರು ಹಬ್ಬಕ್ಕೆ ಕಳಿಸುತ್ತಿದ್ದ ಡಬ್ಬಿ ನಿಂತಿದೆ. ರಿಪೋರ್ಟ್ ಪಾಸಿಟಿವ್ ಇದ್ದರೂ ಔಷಧ ಕೊಡದೆ ಬಿಟ್ಟವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿದೆ, ಅರವತ್ತರ ಆಸುಪಾಸು. ನೆನಪಿದ್ದಂತೆ ಅವರಲ್ಲಿ ಮೂವರಿಗೆ ಆಮೇಲೆ ನಿಜವಾದ ಸೋಂಕಾಯಿತು. ಬೇಗ ಬಂದರು, ವಾಸಿಯಾದರು. ನಕ್ಕ ಗೆಳೆಯರಲ್ಲಿ ಇಬ್ಬರು ಈಗ ಫೋನ್ ಮಾಡಿ ಕೇಳುತ್ತಾರೆ.

ಬಸುರಿಯರ ವಿಷಯದಲ್ಲಿ ಮಾತ್ರ ಈ ಧೈರ್ಯ ತೋರಿಸುವುದಿಲ್ಲ. ತೊಂದರೆ ಇಲ್ಲದಿದ್ದರೂ ಕಲ್ಚರ್ ಮಾಡಿಸುತ್ತೇನೆ, ಪಾಸಿಟಿವ್ ಬಂದರೆ ಔಷಧ ಕೊಡುತ್ತೇನೆ, ಏಕೆಂದರೆ ಅವರಲ್ಲಿ ಅದು ಕಿಡ್ನಿಗೆ ಏರುವುದು ಜಾಸ್ತಿ. ಪ್ರಾಸ್ಟೇಟ್ ಕೆರೆಯುವ ಆಪರೇಷನ್ನಿಗೆ ಹೋಗುವ ಅಜ್ಜಂದಿರಿಗೂ ಹಾಗೇ.

ಸೋತಿರುವುದು ಕ್ಯಾತಿಟರ್, ಅಂದರೆ ಮೂತ್ರದ ಪೈಪ್, ಹಾಕಿಕೊಂಡವರ ಮನೆಗಳಲ್ಲಿ. ತಿಂಗಳಾಯಿತೆಂದರೆ ಹೆಚ್ಚು ಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಚೀಲದ ನೀರು ಕದಡಿತು, ವಾಸನೆ ಬಂತು ಎಂದು ಫೋನು ಬರುತ್ತದೆ. ಜ್ವರ ಇದೆಯೇ ಎಂದರೆ ಇಲ್ಲ. ನೀರು ಕುಡಿಸಿ, ಪೈಪ್ ಮಡಚಿಲ್ಲ ನೋಡಿ ಎನ್ನುತ್ತೇನೆ. ಅರ್ಧ ಜನ ಕೇಳುತ್ತಾರೆ. ಉಳಿದರ್ಧ ಜನ ಸಂಜೆ ಮೆಡಿಕಲ್ ಶಾಪಿನಿಂದ ಸೆಫಿಕ್ಸಿಮ್ ಒಯ್ದಿರುತ್ತಾರೆ.